ಮಷಿನ್ ಶಾಪ್‌ನವನಿಗೆ ಫೌಂಡ್ರಿ ಎಷ್ಟು ಗೊತ್ತಿರಬೇಕು?

ಕೇಳಿದವರು: "ಬೆಳಗಾವಿ ಉದ್ಯಮಬಾಗದಲ್ಲಿ ಆರು ವರ್ಷದಿಂದ ವಿಎಂಸಿ ಪ್ರೋಗ್ರಾಮಿಂಗ್, ಸೆಟ್ಟಿಂಗ್ ಮಾಡುತ್ತಿದ್ದೇನೆ. 'ಟಿ-ಶೇಪ್ ಆಗು, ಅಕ್ಕಪಕ್ಕದ ಕೆಲಸನೂ ಕಲಿ' ಅಂತಾರೆ ಎಲ್ಲರೂ. ಯಾವುದನ್ನ, ಎಷ್ಟು ಕಲೀಬೇಕು? ಯಾರಿಗಾದರೂ ಉಪಯೋಗ ಆಗಿದೆಯಾ?"

ವಿಜಯಪುರದಿಂದ: ಟಿ-ಸ್ಲಾಟ್ ಹೊಡೆಯೋದಾ? ಮೊದಲು ಎಂಡ್ ಮಿಲ್‌ನಲ್ಲಿ ನೇರ ಸ್ಲಾಟ್ ತೆಗೆದು ಆಮೇಲೆ ಟಿ ಕಟರ್ ಬಿಡಿ. ಒಂದೇ ಸಲಕ್ಕೆ ಹೋದರೆ ಕಟರ್ ಕುತ್ತಿಗೆ ಮುರಿಯುತ್ತದೆ.

ಬೆಳಗಾವಿ, ಹಳೆಯ ಸೆಟ್ಟರ್: ಅವರು ಕೇಳಿದ್ದು ಅದಲ್ಲ ಸರ್ 😀 ನನ್ನದೊಂದು ಹೇಳುತ್ತೇನೆ. ಗ್ರೇ ಐರನ್ ಪಂಪ್ ಹೌಸಿಂಗ್ ಬರುತ್ತಿತ್ತು. ಕೆಲವು ಪೀಸ್‌ಗಳಲ್ಲಿ ಮಾತ್ರ, ತೆಳು ಫ್ಲೇಂಜ್ ಅಂಚಿಗೆ ಬಂದ ಕೂಡಲೇ ಇನ್ಸರ್ಟ್ ಮೂಲೆ ಪಟ್ ಅಂತ ಹಾರುತ್ತಿತ್ತು. ಪ್ರೋಗ್ರಾಂ ತಪ್ಪು ಅಂತ ಬೈಗುಳ ನನಗೆ. ಪ್ರೋಗ್ರಾಂ ತಪ್ಪಿದ್ದರೆ ಎಲ್ಲ ಪೀಸ್‌ನಲ್ಲೂ ಹಾರಬೇಕಿತ್ತು, ಅಲ್ವಾ? ಆ ಅಂಚಿಗೆ ಅರ ಹಾಕಿ ಉಜ್ಜಿದೆ. ಕಚ್ಚಲೇ ಇಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಒಂದು ಪೀಸ್ ಒಡೆದು ನೋಡಿದರೆ ಒಳಗೆ ಬೂದು, ಅಂಚಿನಲ್ಲಿ ಬೆಳ್ಳಗೆ.

ಮಷಿನ್ ಬಗ್ಗೆ ಎಷ್ಟು ಗೊತ್ತಿದ್ದರೂ ಇಲ್ಲಿಂದ ಮುಂದೆ ದಾರಿ ಇಲ್ಲ. ಫೌಂಡ್ರಿಯವರು ಇದಕ್ಕೆ ಚಿಲ್ ಅಂತಾರೆ. ತೆಳು ಜಾಗ ಬೇಗ ಆರಿದರೆ ಇಂಗಾಲ ಗ್ರಾಫೈಟ್ ಆಗೋದಿಲ್ಲ, ಗಟ್ಟಿ ಕಾರ್ಬೈಡ್ ಆಗಿ ಕೂರುತ್ತದೆ. ಹಾಗಾಗದಿರಲಿ ಅಂತ ಲ್ಯಾಡಲ್‌ಗೆ ಸ್ವಲ್ಪ ಫೆರೋಸಿಲಿಕಾನ್ ಹಾಕುತ್ತಾರೆ, ಆದರೆ ಹಾಕಿ ಕೆಲವೇ ನಿಮಿಷಕ್ಕೆ ಅದರ ಗುಣ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ನಾನು ಹೋಗಿ ಕೇಳಿದ್ದು ಇಷ್ಟೇ: ಒಂದು ಲ್ಯಾಡಲ್‌ನಲ್ಲಿ ಎಷ್ಟು ಮೋಲ್ಡ್ ಸುರೀತೀರಿ, ಕೊನೇದು ತುಂಬೋ ಹೊತ್ತಿಗೆ ಎಷ್ಟು ತಡ ಆಗುತ್ತದೆ? ಸುರಿದ ಕ್ರಮದಲ್ಲೇ ಕಾಸ್ಟಿಂಗ್ ಮೇಲೆ ಪೇಂಟ್‌ನಲ್ಲಿ ನಂಬರ್ ಹಾಕಿಸಿದೆ. ಗಟ್ಟಿ ಬಂದವೆಲ್ಲ ಕೊನೆಯ ಮೂರ್ನಾಲ್ಕು! ಲ್ಯಾಡಲ್ ಚಿಕ್ಕದು ಮಾಡಿದರು, ಇನ್ಸರ್ಟ್ ಹಾರೋದು ನಿಂತಿತು.

ಕುಲುಮೆಗೆ ಯಾವುದನ್ನ ಎಷ್ಟು ಹಾಕಬೇಕು ಅನ್ನೋ ಚಾರ್ಜ್ ಲೆಕ್ಕ ನನಗೆ ಇವತ್ತಿಗೂ ಬರಲ್ಲ, ಬೇಕಾಗಿಯೂ ಇಲ್ಲ. ಪಕ್ಕದವರ ಹತ್ತಿರ ಸರಿಯಾದ ಪ್ರಶ್ನೆ ಕೇಳುವಷ್ಟು ಬಂತು, ಅಷ್ಟೇ.

ಉದ್ಯಮಬಾಗದಿಂದ ಇನ್ನೊಬ್ಬರು: ಅಣ್ಣ, ಇಷ್ಟಕ್ಕೆಲ್ಲ ಫೌಂಡ್ರಿ ಯಾಕೆ? ಸ್ಪೀಡ್ ಇಳಿಸಿ, ಗಟ್ಟಿ ಗ್ರೇಡ್ ಇನ್ಸರ್ಟ್ ಹಾಕಿದರೆ ಓಡುತ್ತದೆ.

ಹಳೆಯ ಸೆಟ್ಟರ್: ಓಡುತ್ತದೆ ತಮ್ಮಾ, ನಾನೂ ಒಂದು ಲಾಟ್ ಹಾಗೇ ದಾಟಿಸಿದ್ದೆ. ಸೈಕಲ್ ಟೈಮ್ ಜಾಸ್ತಿ ಆಯಿತು, ಖರ್ಚು ನಮ್ಮ ತಲೆಗೆ ಬಂತು, ಮುಂದಿನ ಲಾಟ್‌ನಲ್ಲಿ ಮತ್ತೆ ಅದೇ ಕಥೆ.

ಬಾಗಲಕೋಟೆಯಿಂದ: ನಾನು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಷನ್. ಡಿಸೈನ್, ಅಕೌಂಟ್ಸ್ ಅಂತ ಮೂರು ಕೋರ್ಸ್ ಮಾಡಿದೆ, ಒಂದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಬಾಯ್ಲರ್ ಆಪರೇಟರ್ ಜೊತೆ ಎರಡು ನೈಟ್ ಶಿಫ್ಟ್ ಕೂತಿದ್ದು. ಇದರಿಂದ ಸಂಬಳ ಏರುತ್ತದಾ ಅಂದರೆ, ನನಗಂತೂ ಇನ್ನೂ ಏರಿಲ್ಲ.

ಕೇಳಿದವರು: ಫೌಂಡ್ರಿಯವರು ಒಳಗೆ ಬಿಡಬೇಕಲ್ಲ ಸರ್?

ಹಳೆಯ ಸೆಟ್ಟರ್: ಬರಿಗೈಲಿ ಹೋಗಬೇಡಿ. ಒಡೆದ ಪೀಸ್ ಹಿಡಿದುಕೊಂಡು ಹೋಗಿ, ಜಗಳಕ್ಕೆ ಬಂದಿಲ್ಲ ಅಂತ ಗೇಟ್‌ನಲ್ಲೇ ಹೇಳಿ.