ಸಹಾಯ ಬೇಕು: ಪಂದ್ಯದ ತಿರುವನ್ನು ಎಲ್ಲಿ ಗುರುತಿಸಬೇಕು?

2024ರ ಟಿ20 ವಿಶ್ವಕಪ್ ಫೈನಲ್‌ನ ವೀಕ್ಷಕ ವಿವರಣೆಯ ಬರಹರೂಪವನ್ನು ಒಂದು ಪುಟಕ್ಕೆ ಇಳಿಸುತ್ತಿದ್ದೇನೆ. ನಮ್ಮೂರಿನ ಗ್ರಂಥಾಲಯದ ಗೋಡೆಪತ್ರಿಕೆಗಾಗಿ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ವಿವರಣೆಕಾರರ ದನಿ ಏರಿದ್ದು ಕೊನೆಯ ಓವರಿನ ಮೊದಲ ಎಸೆತದಲ್ಲಿ, ಗಡಿಗೆರೆಯ ಬಳಿ ಸೂರ್ಯಕುಮಾರ್ ಮಿಲ್ಲರ್ ಕ್ಯಾಚ್ ಹಿಡಿದಾಗ. ಪುಟಗಟ್ಟಲೆ ಮಾತು ಅದರ ಬಗ್ಗೆಯೇ ಇದೆ. ಆದರೆ ಪ್ರತಿ ಓವರಿನ ಕೊನೆಗೆ ಬೇಕಾದ ರನ್ ಮತ್ತು ಉಳಿದ ಎಸೆತಗಳನ್ನು ಅಂಚಿನಲ್ಲಿ ಬರೆಯುತ್ತಾ ಹೋದಾಗ ಬೇರೆಯದೇ ಚಿತ್ರ ಕಂಡಿತು. ಅಕ್ಷರ್ ಅವರ 15ನೇ ಓವರಿನಲ್ಲಿ 24 ರನ್ ಬಂದು, ದಕ್ಷಿಣ ಆಫ್ರಿಕಾಕ್ಕೆ 30 ಎಸೆತಗಳಲ್ಲಿ 30 ರನ್ ಸಾಕಾಗಿತ್ತು. ಮುಂದಿನ ಓವರಿನಲ್ಲಿ ಬೂಮ್ರಾ ಕೊಟ್ಟದ್ದು ನಾಲ್ಕೇ ರನ್. ವಿಕೆಟ್ ಬೀಳಲಿಲ್ಲ, ಹಾಗಾಗಿ ವಿವರಣೆಯಲ್ಲಿ ಅದು ನಾಲ್ಕು ಸಾಲಿನಲ್ಲೇ ಮುಗಿದಿದೆ. 17ನೇ ಓವರಿನ ಮೊದಲ ಎಸೆತಕ್ಕೇ ಹಾರ್ದಿಕ್ ಅವರು ಕ್ಲಾಸೆನ್ ವಿಕೆಟ್ ಪಡೆದರು. 18ನೇ ಓವರ್ ಮುಗಿದಾಗ 12 ಎಸೆತಗಳಲ್ಲಿ 20 ರನ್ ಬೇಕಿತ್ತು.

ನನ್ನ ಮಟ್ಟಿಗೆ ತಿರುವು ಕ್ಲಾಸೆನ್ ವಿಕೆಟ್. ಕ್ಯಾಚ್ ಮುಖ್ಯ ಕ್ಷಣವಷ್ಟೇ. ಬೂಮ್ರಾ ಅವರ ಆ ಸದ್ದಿಲ್ಲದ ಓವರನ್ನು ತಿರುವಿನ ಆರಂಭವೆಂದು ಬರೆಯಬಹುದೇ? ಪಂದ್ಯವರದಿ ಬರೆದು ಅಭ್ಯಾಸವಿರುವವರು ಇಂಥ ಓವರುಗಳನ್ನು ಹೇಗೆ ಆಯ್ದುಕೊಳ್ಳುತ್ತೀರಿ, ದಯವಿಟ್ಟು ತಿಳಿಸಿ.