ಪದಚರ್ಚೆ: ಫ್ರಿಜ್‌ನಲ್ಲಿ ತಿಂಗಳು ಕೂತದ್ದಕ್ಕೆಲ್ಲ "ಹಳಸಿದ" ಅನ್ನಬಹುದಾ? (ನಾಳೆಯೇ ಬೇಕು)

ಶಾ., ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಐದರೊಳಗೆ ಡಿಟಿಪಿ ಅಂಗಡಿಗೆ ಒಂದು ಹಾಳೆ ಕೊಡಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಯಸ್ಸಾದವರೇ ಜಾಸ್ತಿ. ಮಕ್ಕಳ ಮನೆಗೆ ಹೋದರೆ ತಿಂಗಳು ಬಿಟ್ಟೇ ಬರುತ್ತಾರೆ. ಬಂದಮೇಲೆ ಫ್ರಿಜ್‌ನಲ್ಲಿ ಏನು ಇಟ್ಟುಕೊಳ್ಳಬೇಕು, ಏನು ಎಸೆಯಬೇಕು ಅಂತ ಹೇಳುವ ಒಂದು ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಿಫ್ಟಿನ ಪಕ್ಕ ಅಂಟಿಸೋದಕ್ಕೆ.

ಮೂಲದಲ್ಲಿ "ಸ್ಪಾಯಿಲ್ಡ್" ಅನ್ನೋ ಒಂದೇ ಮಾತು ಎಲ್ಲ ಕಡೆ ಇದೆ. ನಾನೂ ಎಲ್ಲ ಕಡೆ "ಹಳಸಿದ" ಅಂತ ಹಾಕಿದೆ. ಓದಿ ನೋಡಿದರೆ "ಹಳಸಿದ ಬೆಣ್ಣೆ", "ಹಳಸಿದ ಕೊತ್ತಂಬರಿ ಸೊಪ್ಪು". ಯಾರೂ ಹಾಗೆ ಅನ್ನಲ್ಲ ಅಲ್ವಾ? ಎಲ್ಲಕ್ಕೂ ಹೊಂದುವ ಒಂದು ಪದ ಇದೆಯಾ?

ಇನ್ನೊಂದು ಪ್ರಶ್ನೆ. "ಫ್ರೋಜನ್"ಗೆ "ಹೆಪ್ಪುಗಟ್ಟಿದ" ಅಂತ ಬರೆದಿದ್ದೆ. ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿದೆ. "ಹೆಪ್ಪುಗಟ್ಟಿದ್ದು ಇಟ್ಟುಕೊಳ್ಳಬಹುದು ಅಂದರೆ ಮೊಸರು ಇಟ್ಟುಕೊಳ್ಳಬಹುದಾ?" ಅಂತ ಕೇಳಿದರು.

ಮ. ಮೇಷ್ಟ್ರು, ಮಂಡ್ಯ

ಮೊದಲು "ಫ್ರಿಜ್" ತೆಗೆಯಿರಿ. "ತಣ್ಪೆಟ್ಟಿಗೆ" ಅನ್ನಿ. ತಣ್ ನಮ್ಮದೇ ಬೇರು. ತಣ್ ಮತ್ತು ಕೂಳ್ ಸೇರಿ ತಂಗೂಳು, ಅದೇ ತಂಗಳು. ಅದು ಆರಿದ ಊಟ, ಕೆಟ್ಟ ಊಟ ಅಲ್ಲ. ನಿಮ್ಮ ಹಾಳೆಯಲ್ಲಿ ತಂಗಳನ್ನೂ ಹಳಸಿದ್ದನ್ನೂ ಒಂದೇ ಮಾಡಬೇಡಿ. ನಮ್ಮ ಕಡೆ ಬಸ್ಸಾರು ಮಾರನೆಯ ದಿನವೇ ರುಚಿ.

ರಾ., ಕುವೆಂಪುನಗರ

ತಂಗಳು ಬಂದದ್ದು ತಂಗು ಅನ್ನೋದರಿಂದ. ರಾತ್ರಿ ತಂಗಿದ ಅನ್ನ. ಇಷ್ಟು ಸರಳ ಇರುವಾಗ ಕೂಳು ಯಾಕೆ ಎಳೆದು ತರಬೇಕು?

ಹಾಳೆಗೆ ಇಷ್ಟೆಲ್ಲ ಪದವೂ ಬೇಡ. "ಮೂಸಿ ನೋಡಿ, ವಾಸನೆ ಇಲ್ಲದಿದ್ದರೆ ಚೆನ್ನಾಗಿ ಕುದಿಸಿ ತಿನ್ನಿ" ಅಂತ ಬರೆಯಿರಿ. ಕುದಿಸಿದರೆ ಎಲ್ಲ ಸಾಯುತ್ತದೆ.

ಮ. ಮೇಷ್ಟ್ರು, ಮಂಡ್ಯ

ತಂಗು ಅಲ್ಲ. ಹಳಗನ್ನಡದಲ್ಲಿ ತಂಗೂಳ್ ಇದೆ. ಕಿಟೆಲ್ ತೆಗೆದು ನೋಡಿ. ಮುಗಿಯಿತು.

ವಿ., ಜಯಲಕ್ಷ್ಮೀಪುರಂ

ರಾ. ಅವರೇ, ಆ ಸಾಲನ್ನು ದಯವಿಟ್ಟು ಹಾಳೆಗೆ ಹಾಕಿಸಬೇಡಿ. ಆಹಾರ ಪರೀಕ್ಷೆಯ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಲಿಸ್ಟೀರಿಯಾ ಅನ್ನೋ ರೋಗಾಣು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ, ಬೆಳೆದರೂ ವಾಸನೆ ಬರಬೇಕು ಅಂತ ಇಲ್ಲ. ಬಸಿಲಸ್ ಸೀರಿಯಸ್ ಅನ್ನೋ ಇನ್ನೊಂದು ರೋಗಾಣು ಅನ್ನದಲ್ಲಿ ಒಂದು ವಿಷ ಬಿಡುತ್ತದೆ, ವಾಂತಿ ತರಿಸುವಂಥದ್ದು, ಕುದಿಸಿದರೂ ಹೋಗಲ್ಲ. ಹುಳ ಸಾಯಬಹುದು, ಅದು ಬಿಟ್ಟ ವಿಷ ಅಲ್ಲೇ ಇರುತ್ತದೆ.

ಶಾ., ನಿಮಗೆ ಒಂದು ಪದ ಸಿಗದಿರುವುದು ಒಳ್ಳೆಯದೇ ಆಯಿತು. ಕನ್ನಡದಲ್ಲಿ ಒಂದೊಂದು ಪದಾರ್ಥ ಒಂದೊಂದು ರೀತಿ ಕೆಡುತ್ತದೆ. ಅನ್ನ, ಸಾರು, ಪಲ್ಯ ಹಳಸುತ್ತವೆ. ಹಾಲು ಒಡೆಯುತ್ತದೆ. ಟೊಮೆಟೊ ಕೊಳೆಯುತ್ತದೆ. ಎಣ್ಣೆ, ಬೆಣ್ಣೆ, ಕೊಬ್ಬರಿ ಕಮಟು ವಾಸನೆ ಬರುತ್ತವೆ. ಹಿಟ್ಟು ಮುಗ್ಗುತ್ತದೆ. ಸೊಪ್ಪು ಮೊದಲು ಬಾಡುತ್ತದೆ, ಆಮೇಲೆ ಲೋಳೆಯಾಗುತ್ತದೆ. ಒಂದೊಂದು ಪದವೂ ಏನನ್ನು ನೋಡಬೇಕು, ಏನನ್ನು ಮೂಸಬೇಕು ಅಂತ ಹೇಳಿಕೊಡುತ್ತದೆ. "ಬಾಡಿದ ಕ್ಯಾರೆಟ್ ಇಟ್ಟುಕೊಳ್ಳಿ, ಲೋಳೆ ಬಂದದ್ದು ಎಸೆಯಿರಿ" ಅಂದರೆ ಅಜ್ಜಿಗೆ ತಕ್ಷಣ ಗೊತ್ತಾಗುತ್ತದೆ.

ಆದರೆ "ಹಳಸಿದ" ಮಾತ್ರ ಈ ಹಾಳೆಯಲ್ಲಿ ಎಲ್ಲೂ ಬೇಡ. ಬೇಯಿಸಿದ ಅಡುಗೆ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ. ತಿಂಗಳಾದದ್ದನ್ನು ಹಳಸಿದೆಯಾ ಅಂತ ನೋಡುವ ಪ್ರಶ್ನೆಯೇ ಇಲ್ಲ. "ಹಳಸಿದ ಸಾರು ಎಸೆಯಿರಿ" ಅಂತ ಬರೆದರೆ ಹಳಸದ ಸಾರು ಉಳಿಸಿಕೊಳ್ಳಬಹುದು ಅಂತ ಅರ್ಥ ಆಗುತ್ತದೆ. "ಬೇಯಿಸಿ ಇಟ್ಟದ್ದೆಲ್ಲ ಎಸೆಯಿರಿ, ರುಚಿ ನೋಡಬೇಡಿ" ಅಂತ ನೇರವಾಗಿ ಬರೆಯಿರಿ.

ಪ., ಮಂಡ್ಯ

ನಾನು ಹೋದ ವರ್ಷ ಫ್ರಿಜ್ ಖಾಲಿ ಮಾಡಿ, ಸ್ವಿಚ್ ಆಫ್ ಮಾಡಿ, ಬಾಗಿಲು ಮುಚ್ಚಿ ಹೋಗಿದ್ದೆ. ಬಂದಾಗ ಬಾಗಿಲಿನ ರಬ್ಬರಿನ ಮಡಿಕೆಯ ತುಂಬ ಕಪ್ಪು ಬೂಷ್ಟು. ಸೋಡಾಪುಡಿ ನೀರು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಬೆಳಗ್ಗೆಯೆಲ್ಲ ಉಜ್ಜಿದೆ. ಆಫ್ ಮಾಡಿದರೆ ಒಳಗೆ ಒರೆಸಿ ಬಾಗಿಲು ತೆರೆದೇ ಬಿಡಬೇಕಂತೆ. ಇದನ್ನೂ ಹಾಕಿ ಅಕ್ಕ.

ಶಾ.

ಪ. ಅವರೇ, ಅದು ಹೋಗುವ ಮುಂಚಿನ ಮಾತು. ಇದು ಬಂದಮೇಲಿನ ಹಾಳೆ. ಜಾಗ ಉಳಿದರೆ ಕೆಳಗೆ ಹಾಕುತ್ತೇನೆ.

ವಿ. ಮೇಡಂ, ನೀವು ಹೇಳಿದ ಹಾಗೆ ನನ್ನದೇ ಫ್ರಿಜ್ ಮುಂದೆ ಕೂತು ನೋಡಿದೆ. ನಾನೂ ಮೊನ್ನೆಯಷ್ಟೇ ತಿಂಗಳು ಬಿಟ್ಟು ಬಂದವಳು. ತುಪ್ಪ, ಹುಣಸೆಹಣ್ಣು, ಎಣ್ಣೆ ಮೇಲೆ ನಿಂತ ಮಾವಿನಕಾಯಿ ಉಪ್ಪಿನಕಾಯಿ ಇಟ್ಟುಕೊಂಡೆ. ದೋಸೆಹಿಟ್ಟು ಎಸೆದೆ. ಡಬ್ಬಿಯ ಮೊಸರಿನ ಮೇಲೆ ಉಗುರಿನಷ್ಟು ಹಸಿರು ಬೂಷ್ಟು. ಅಷ್ಟನ್ನು ತೆಗೆದು ಉಳಿದದ್ದು ಬಳಸಬಹುದಾ?

ಫ್ರೀಜರಿನಲ್ಲಿ ತೊಡಕಾಯಿತು. ಹಿದುಕಿದ ಅವರೆಬೇಳೆ ಕಾಳು ಕಾಳಾಗಿ ಇಟ್ಟು ಹೋಗಿದ್ದೆ. ಈಗ ಇಟ್ಟಿಗೆಯಂತೆ ಒಂದೇ ಮುದ್ದೆ, ಕವರಿನ ಒಂದು ಮೂಲೆಯಲ್ಲಿ ಐಸ್. ಟ್ರೇಯ ಐಸ್ ತುಂಡುಗಳೂ ಒಂದಕ್ಕೊಂದು ಅಂಟಿ ಹಲಗೆ ಆಗಿವೆ.

ವಿ.

ಮೊಸರು ಪೂರ್ತಿ ಎಸೆಯಿರಿ. ಬೂಷ್ಟಿನ ಬೇರು ಮೆತ್ತನೆಯ ಪದಾರ್ಥದಲ್ಲಿ ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತದೆ.

ಅವರೆಬೇಳೆಯನ್ನೂ ಎಸೆಯಿರಿ. ನೀವಿಲ್ಲದಾಗ ಕರೆಂಟು ತುಂಬ ಹೊತ್ತು ಹೋಗಿ, ಎಲ್ಲ ಕರಗಿ, ಮತ್ತೆ ಗಟ್ಟಿಯಾಗಿದೆ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24. ನಿಮ್ಮದು ಎಷ್ಟು ಹೊತ್ತು ಕರಗಿತ್ತು ಅಂತ ಈಗ ತಿಳಿಯುವ ದಾರಿ ಇಲ್ಲ. ಮುಂದಿನ ಸಲ ಹೋಗುವಾಗ ಲೋಟದಲ್ಲಿ ನೀರು ಐಸ್ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳದಲ್ಲಿದ್ದರೆ ಪೂರ್ತಿ ಕರಗಿತ್ತು ಅಂತ. ಮೇಲೆಯೇ ಇದ್ದರೆ ಅವರೆಬೇಳೆ ಉಳಿಯಿತು.

ರಾ.

ಅವರೆಬೇಳೆ ಎಸೆಯೋದಾ? ಹಿದುಕೋದಕ್ಕೆ ಎಷ್ಟು ಹೊತ್ತು ಕೂರಬೇಕು ಗೊತ್ತಾ ಮೇಡಂ? ಅನ್ನದ ವಿಷಯ ನೀವು ಹೇಳಿದ್ದು ಒಪ್ಪುತ್ತೇನೆ. ಹಸಿ ಕಾಳಿಗೂ ಅದೇ ನಿಯಮ ಅಂದರೆ ಒಪ್ಪೋದು ಕಷ್ಟ.

ವಿ.

ಐಸ್ ಹರಳು ಉಳಿದಿರುವಾಗಲೇ ಮತ್ತೆ ಗಟ್ಟಿಯಾಗಿದ್ದರೆ ತಿನ್ನಬಹುದು. ಇಲ್ಲಿ ಟ್ರೇ ಪೂರ್ತಿ ಕರಗಿದೆ. ವಯಸ್ಸಾದವರು ಓದುವ ಹಾಳೆ ಇದು. ನಾನಂತೂ ಎಸೆಯಿರಿ ಅಂತಲೇ ಬರೆಯುತ್ತೇನೆ.

ಶಾ.

ಸರಿ ಮೇಡಂ. "ಹೆಪ್ಪುಗಟ್ಟಿದ" ತೆಗೆದೆ. ಹೆಪ್ಪು ಅಂದರೆ ಅಡುಗೆಮನೆಯಲ್ಲಿ ಮೊಸರೇ. ಅಲ್ಲಿ "ಐಸ್ ಆದ" ಅಂತ ಹಾಕಿದ್ದೇನೆ. ಕರಗಿ ಮತ್ತೆ ಗಟ್ಟಿಯಾದದ್ದಕ್ಕೆ ಒಂದೇ ಪದ ಇದ್ದರೆ ಹೇಳಿ, ಸದ್ಯ "ಕರಗಿ ಮತ್ತೆ ಐಸ್ ಆದದ್ದು" ಅಂತ ಇದೆ.

ಮ. ಮೇಷ್ಟ್ರು, ಮಂಡ್ಯ

"ಐಸ್" ಬೇಡ. "ಮರುಗಡ್ಡೆ" ಅನ್ನಿ. ಗಡ್ಡೆ ಕಟ್ಟು ಅನ್ನೋದು ಎಲ್ಲರಿಗೂ ಗೊತ್ತು. ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ಉಪ್ಪಿಗೂ ಇಂಗ್ಲಿಷ್ ಪದ ಬರುತ್ತದೆ.

ಶಾ.

ಮೇಷ್ಟ್ರೇ, "ಮರುಗಡ್ಡೆ" ಅಜ್ಜಿಗೆ ಓದಿ ಹೇಳಿದೆ. "ಯಾವ ಗೆಡ್ಡೆ, ಸುವರ್ಣಗೆಡ್ಡೆನಾ?" ಅಂದರು. ಅವರು ಐಸ್ ಅನ್ನುತ್ತಾರೆ, ಫ್ರಿಜ್ ಅನ್ನುತ್ತಾರೆ, ಹಾಗೆಯೇ ಕಮಟು, ಮುಗ್ಗು, ಲೋಳೆ ಅಂತಲೂ ಅನ್ನುತ್ತಾರೆ. ಹಾಳೆಯಲ್ಲಿ ಅವೆಲ್ಲವೂ ಇರುತ್ತವೆ. "ತಂಗಳು" ಎಲ್ಲೂ ಬಳಸಿಲ್ಲ, ನಿಮ್ಮ ಮಾತು ಕೇಳಿಯೇ.

ಮ. ಮೇಷ್ಟ್ರು, ಮಂಡ್ಯ

ತಂಗಳು ಉಳಿಯಿತು, ಸಂತೋಷ. ಫ್ರಿಜ್ ಒಪ್ಪಲಿಲ್ಲ.

ಪ., ಮಂಡ್ಯ

ರಬ್ಬರಿನ ವಿಷಯ ಹಾಕಿದಿರಾ ಅಕ್ಕ?