ಸಹಾಯ ಬೇಕು: ಉಪ್ಪಿನಕಾಯಿ ಮೇಲೆ ಬಿಳಿ ಪೊರೆ, ಎಣ್ಣೆಯೂ ಕಾಣುತ್ತಿಲ್ಲ

ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಅನುಭವ ಇರುವವರು ಸ್ವಲ್ಪ ನೋಡಿ ಹೇಳಿ. 1 ಕೆಜಿ ಮಾವಿನ ಹೋಳುಗಳಿಗೆ 150 ಗ್ರಾಂ ಉಪ್ಪು ಹಾಕಿದ್ದೆ. ಕಾಯಿಸಿ ಪೂರ್ತಿ ಆರಿಸಿದ ಎಣ್ಣೆ ಹೋಳುಗಳ ಮೇಲೆ ಒಂದು ಬೆರಳಿನಷ್ಟು ನಿಂತಿತ್ತು. ಈಗ ಹೋಳು, ಸಾಸಿವೆ ಪುಡಿ, ಖಾರದ ಪುಡಿ ಎಲ್ಲ ಸೇರಿ ಅದನ್ನು ಕುಡಿದುಬಿಟ್ಟಿವೆ, ಮೇಲಿನ ಹೋಳುಗಳು ಗಾಳಿಗೆ ತೆರೆದುಕೊಂಡಿವೆ. ಎಣ್ಣೆ ಇಳಿಯುವುದು ಮಾಮೂಲು, ಅಲ್ವಾ? ನನ್ನ ತಲೆನೋವು ಬಿಳಿ ಪೊರೆಯದು.

ಅದು ತೆಳ್ಳಗೆ, ಚಪ್ಪಟೆಯಾಗಿ, ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದೆ. ಚಮಚದ ತುದಿಯಿಂದ ಎತ್ತಿದರೆ ಹರಿದು ಬರುತ್ತದೆ. ಉಪ್ಪಿನ ಹರಳಿರಬಹುದು ಅಂತ ಚೂರು ನೀರಿಗೆ ಹಾಕಿ ನೋಡಿದೆ, ಕರಗಲಿಲ್ಲ. ಹತ್ತಿಯಂಥ ನವಿರು ಎಳೆಗಳಿಲ್ಲ, ಹಸಿರು ಕಪ್ಪು ಚುಕ್ಕೆಗಳೂ ಇಲ್ಲ. ಇದ್ದಿದ್ದರೆ ಕೇಳುತ್ತಲೇ ಇರಲಿಲ್ಲ, ಇಡೀ ಜಾಡಿ ಎಸೆಯುತ್ತಿದ್ದೆ, ಯಾಕೆಂದರೆ ಬೂಷ್ಟು ಮೇಲೆ ಕಂಡಷ್ಟೇ ಇರುವುದಿಲ್ಲ, ಒಳಗೂ ಇಳಿದಿರುತ್ತದೆ. ವಾಸನೆ ಹುಳಿ ಹಿಟ್ಟಿನಂತಿದೆ, ಕೊಳೆತ ನಾತವಿಲ್ಲ. ಹೋಳು ಗಟ್ಟಿಯಾಗೇ ಇದೆ.

ಹಾಗಾಗಿ ಇದು ಗಾಳಿ ಸಿಕ್ಕಲ್ಲಿ ಬೆಳೆಯುವ ಯೀಸ್ಟ್ ಪೊರೆ ಅನ್ನಿಸುತ್ತಿದೆ. ಪೊರೆಯ ಜೊತೆ ಮೇಲಿನ ಹೋಳುಗಳನ್ನೂ ತೆಗೆದು, ಉಳಿದದ್ದನ್ನು ಒಣಗಿದ ಬೇರೆ ಜಾಡಿಗೆ ಹಾಕಿ, ಹೊಸದಾಗಿ ಕಾಯಿಸಿ ಆರಿಸಿದ ಎಣ್ಣೆ ಸುರಿದರೆ ಸಾಕಾ? ಉಪ್ಪನ್ನೂ ಜಾಸ್ತಿ ಮಾಡಬೇಕಾ? ಸುಮ್ನೆ ಎಣ್ಣೆ ಮುಚ್ಚಿದರೆ ಪೊರೆ ಅಡಗುತ್ತದೆ ಅಷ್ಟೇ ಅಂತ ನನ್ನ ಅನುಮಾನ.

ಇನ್ನೊಂದು: ಬೆಳ್ಳುಳ್ಳಿ ಚಟ್ನಿಗೂ ಹೀಗೇ ಆಗಿದೆ. ಅದರಲ್ಲಿ ಹುಳಿ ಕಡಿಮೆ, ಹುಳಿಯಿಲ್ಲದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹೊರಗಿಡುವುದು ಅಪಾಯ, ಆದ್ದರಿಂದ ಅದನ್ನು ಎಸೆಯುತ್ತಿದ್ದೇನೆ. ಮಾವಿನಕಾಯಿಯದಕ್ಕೆ ಮಾತ್ರ ದಾರಿ ಹೇಳಿ.